ಸೇವೆ ಬುಕಿಂಗ್ ಖಚಿತ: 12 ಕಾಯಿ ಗಣಹೋಮ ಮತ್ತು ರಂಗಪೂಜೆ, 6 ಡಿಸೆಂಬರ್ 2026

ಶ್ರೀ ದುರ್ಗಾಪರಮೇಶ್ವರಿ ದೇವಸ್ಥಾನ, ಉಡುಪಿ
ಸೇವಾ ಕೌಂಟರ್, 18 ನವೆಂಬರ್ 2026, ಬುಧವಾರ

ಸುಮತಿಯವರಿಗೆ ನಮಸ್ಕಾರ.

ನಿಮ್ಮ ಸೇವೆ ಬುಕ್ ಆಗಿದೆ, ಹಣ ಬಂದಿದೆ. ಕೆಳಗಿನ ವಿವರವನ್ನು ಒಮ್ಮೆ ಸಾವಧಾನವಾಗಿ ಓದಿ. ಎರಡು ಕಡೆ ನಿಮ್ಮ ಉತ್ತರ ಬೇಕು.

ಬುಕಿಂಗ್ ಸಂಖ್ಯೆ: 2026-1187
ಸೇವೆಯ ದಿನ: 6 ಡಿಸೆಂಬರ್ 2026, ಭಾನುವಾರ
ಗಣಹೋಮ: ಬೆಳಿಗ್ಗೆ 6.30ಕ್ಕೆ ಸಂಕಲ್ಪ, ಸುಮಾರು 8 ಗಂಟೆಗೆ ಪೂರ್ಣಾಹುತಿ
ರಂಗಪೂಜೆ: ಅದೇ ದಿನ ರಾತ್ರಿ 7.30ಕ್ಕೆ

ಕಟ್ಟಿದ ಮೊತ್ತ:
12 ಕಾಯಿ ಗಣಹೋಮ: ₹1,200
ರಂಗಪೂಜೆ: ₹3,000
ಅನ್ನದಾನಕ್ಕೆ ಕಾಣಿಕೆ: ₹501
ಪ್ರಸಾದದ ಅಂಚೆ ವೆಚ್ಚ (ಮುಂಬೈ): ₹100
ಒಟ್ಟು: ₹4,801 (ನಾಲ್ಕು ಸಾವಿರದ ಎಂಟುನೂರ ಒಂದು ರೂಪಾಯಿ)

ಯುಪಿಐ ಮೂಲಕ ಬಂದಿದೆ. ಬಾಕಿ ಏನೂ ಇಲ್ಲ. ಹೋಮದ ಸಾಮಾನು, ಅಷ್ಟದ್ರವ್ಯ, ತುಪ್ಪ, ಕಾಯಿ, ನೈವೇದ್ಯದ ಅಕ್ಕಿ, ದೀಪದ ಎಣ್ಣೆ, ಭಟ್ಟರ ದಕ್ಷಿಣೆ ಎಲ್ಲ ಇದರಲ್ಲೇ ಸೇರಿದೆ. '12 ಕಾಯಿ' ಎಂದು ಬರೆದದ್ದು ನೋಡಿ ಮನೆಯಿಂದ ಚೀಲ ತುಂಬ ತೆಂಗಿನಕಾಯಿ ಹೊತ್ತು ತಂದವರು ಇದ್ದಾರೆ. ಬೇಡ, ಕಾಯಿ ಇಲ್ಲೇ ಇದೆ. ಭಟ್ಟರ ತಟ್ಟೆಗೆ ನೀವಾಗಿ ಏನಾದರೂ ಹಾಕಿದರೆ ಅದು ನಿಮ್ಮ ಖುಷಿ, ಯಾರೂ ಕೇಳುವುದಿಲ್ಲ.

ಇನ್ನೊಂದು ವಿಷಯ. ಮಂಗಳವಾರ ರಾತ್ರಿ ನೀವು ಇದೇ ಮೊತ್ತ ಎರಡು ಸಲ ಕಟ್ಟಲು ನೋಡಿದ್ದು ನಮ್ಮ ಪಟ್ಟಿಯಲ್ಲಿ ಕಾಣುತ್ತದೆ. ಮೊದಲನೆಯದು ನಮಗೆ ಬಂದಿಲ್ಲ. ನಿಮ್ಮ ಖಾತೆಯಿಂದ ಹೋಗಿದ್ದರೆ, ಇಂಥ ಹಣ ಸಾಮಾನ್ಯವಾಗಿ 5 ದಿನದೊಳಗೆ ತಾನಾಗಿ ವಾಪಸ್ ಬೀಳುತ್ತದೆ. ಬೀಳದಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಆ ಸಾಲು ಇರುವ ಫೋಟೋ ಕಳಿಸಿ, ನಮ್ಮ ಕಡೆಯ ಲೆಕ್ಕ ತೆಗೆದು ಕೊಡುತ್ತೇವೆ. ಅದನ್ನು ಹೊಂದಿಸಲು ಮತ್ತೊಂದು ಸೇವೆ ಬುಕ್ ಮಾಡಬೇಡಿ.

ಸಂಕಲ್ಪದಲ್ಲಿ ಹೇಳುವ ಹೆಸರುಗಳು

ಸುಮತಿ, ರೋಹಿಣಿ ನಕ್ಷತ್ರ, ವೃಷಭ ರಾಶಿ
ಸುರೇಶ್, ವಿಶಾಖ ನಕ್ಷತ್ರ, ವೃಶ್ಚಿಕ ರಾಶಿ
ಅನಘ, ಹಸ್ತ ನಕ್ಷತ್ರ, ಕನ್ಯಾ ರಾಶಿ
ಗಿರಿಜಾ, ನಕ್ಷತ್ರ ಬರೆದಿಲ್ಲ

ಮೊದಲ ಪ್ರಶ್ನೆ ಸುರೇಶರದ್ದು. ವಿಶಾಖ ನಕ್ಷತ್ರದ ಮೊದಲ ಮೂರು ಪಾದ ತುಲಾ ರಾಶಿಗೆ ಸೇರುತ್ತದೆ, ನಾಲ್ಕನೇ ಪಾದ ಮಾತ್ರ ವೃಶ್ಚಿಕಕ್ಕೆ. ಅವರದ್ದು ನಾಲ್ಕನೇ ಪಾದವೇ ಹೌದಾ ಎಂದು ಜಾತಕ ನೋಡಿ ತಿಳಿಸಿ. ಜಾತಕ ಕೈಗೆ ಸಿಗದಿದ್ದರೆ ತಲೆಕೆಡಿಸಿಕೊಳ್ಳಬೇಡಿ, ನಕ್ಷತ್ರ ಮಾತ್ರ ಹೇಳಿ ಮಾಡುತ್ತೇವೆ. ಕೃತ್ತಿಕೆ, ಪುನರ್ವಸು, ಉತ್ತರೆಯವರಲ್ಲೂ ಇದೇ ಗೊಂದಲ ಬರುತ್ತದೆ. ಹಾಗಾಗಿ ಎಲ್ಲರನ್ನೂ ಕೇಳುತ್ತೇವೆ, ನಿಮ್ಮನ್ನು ಮಾತ್ರ ಅಲ್ಲ.

ಎರಡನೆಯದು ನಿಮ್ಮ ತಾಯಿ ಗಿರಿಜಮ್ಮನವರದ್ದು. ಹುಟ್ಟಿದ ಗಳಿಗೆ ಬರೆದಿಟ್ಟವರಿಲ್ಲ ಎಂದು ಸೂಚನೆಯ ಜಾಗದಲ್ಲಿ ಬರೆದಿದ್ದೀರಿ. ಆ ಕಾಲದವರಿಗೆ ಅದು ಸಾಮಾನ್ಯವೇ ಅಲ್ವಾ. ಅಂಥವರಿಗೆ ಹೆಸರಿನ ಮೊದಲ ಅಕ್ಷರ ಹಿಡಿದು ನಕ್ಷತ್ರ ಹೇಳುತ್ತೇವೆ. 'ಗಿ' ಅಂದರೆ ಧನಿಷ್ಠಾ ಎರಡನೇ ಪಾದ, ಮಕರ ರಾಶಿ. ಒಪ್ಪಿಗೆ ಇದ್ದರೆ ಹಾಗೇ ಬರೆದುಕೊಳ್ಳುತ್ತೇವೆ. ಮನೆಯಲ್ಲಿ ಬೇರೆ ನಕ್ಷತ್ರ ಹೇಳುವ ರೂಢಿ ಇದ್ದರೆ ಅದನ್ನೇ ಇಡೋಣ.

ಗೋತ್ರದ ಜಾಗ ಖಾಲಿ ಇದೆ. ತೊಂದರೆ ಇಲ್ಲ. ನಮ್ಮೂರ ಎಷ್ಟೋ ಮನೆಗಳಲ್ಲಿ ಹೇಳುವುದು ಬಳಿ, ಗೋತ್ರ ಅಲ್ಲ. ಹೇಳಿಸಬೇಕೆಂದಿದ್ದರೆ ಬರೆದು ಕಳಿಸಿ, ಇಲ್ಲದಿದ್ದರೆ ಹೆಸರು, ನಕ್ಷತ್ರ ಸಾಕು.

ಮಗಳ ಹೆಸರನ್ನು ಒಂದು ಕಡೆ 'ಅನಘ' ಎಂದೂ ಇನ್ನೊಂದು ಕಡೆ 'ಚಿನ್ನು' ಎಂದೂ ಬರೆದಿದ್ದೀರಿ. ನಾವು ಅನಘ ಎಂದು ಇಟ್ಟುಕೊಂಡಿದ್ದೇವೆ. ಚಿನ್ನು ಬೇರೆ ಮಗು ಆಗಿದ್ದರೆ ಮಾತ್ರ ತಿಳಿಸಿ!

ಹೆಸರು ತಿದ್ದಲು, ಸೇರಿಸಲು ದುಡ್ಡು ಇಲ್ಲ. 5 ಡಿಸೆಂಬರ್ ಶನಿವಾರ ಸಂಜೆ 5 ಗಂಟೆಯೊಳಗೆ ಬರಲಿ. ಆಮೇಲೆ ಚೀಟಿ ಭಟ್ಟರ ಕೈಗೆ ಹೋಗುತ್ತದೆ.

ಮಲ್ಲಿಗೆಯ ವಿಷಯ

'ರಂಗಪೂಜೆಗೆ ಶಂಕರಪುರ ಮಲ್ಲಿಗೆ ಬೇಕು' ಎಂದು ಬರೆದಿದ್ದೀರಿ. ಸೇವೆಯ ಮೊತ್ತದಲ್ಲಿ ದೇವಸ್ಥಾನದ ಮಾಮೂಲಿ ಹೂವು ಇದೆ, ಮಲ್ಲಿಗೆ ಇಲ್ಲ. ಅದರ ದರ ದಿನದಿನಕ್ಕೂ ಏರಿ ಇಳಿಯುತ್ತದೆ, ಮದುವೆ ಸೀಸನ್ ಬಂದರೆ ಹೇಳುವುದೇ ಬೇಡ. ಹಾಗಾಗಿ ಈಗಲೇ ಇಷ್ಟು ಎಂದು ಹಣ ತೆಗೆದುಕೊಳ್ಳಲು ನಮಗೂ ಧೈರ್ಯ ಇಲ್ಲ. ನೀವೇ ತರಬಹುದು. ಅಥವಾ ಎಷ್ಟು ಅಟ್ಟೆ ಬೇಕೆಂದು ಸೇವೆಯ ಹಿಂದಿನ ಶುಕ್ರವಾರದೊಳಗೆ ಹೇಳಿದರೆ ನಾವು ಹೂವಿನವರಿಗೆ ಹೇಳಿಟ್ಟು, ಭಾನುವಾರದ ದರದಲ್ಲಿ ತರಿಸುತ್ತೇವೆ. ಹಣ ಅಂದೇ ಕೌಂಟರಿನಲ್ಲಿ ಕೊಡಿ, ಹೂವಿನವರ ಚೀಟಿ ನಿಮಗೇ ಕೊಡುತ್ತೇವೆ. ಬೆಂಗಳೂರಿನಲ್ಲಿ ಮೊಳದ ಲೆಕ್ಕ ಆಗಿ ಮರೆತಿದ್ದರೆ: ನಾಲ್ಕು ಚೆಂಡು ಸೇರಿ ಒಂದು ಅಟ್ಟೆ. ದೇವಿಯ ಅಲಂಕಾರಕ್ಕೆ ಒಂದು ಅಟ್ಟೆ ಚೆನ್ನಾಗಿ ಸಾಕಾಗುತ್ತದೆ.

ಸೇವೆ ರದ್ದು ಮಾಡಬೇಕಾದರೆ

ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇವೆ. ಆಮೇಲೆ ಕೌಂಟರಿನ ಮುಂದೆ ಮಾತಿಗೆ ಮಾತು ಬೆಳೆಯುವುದು ಯಾರಿಗೂ ಬೇಡ.

29 ನವೆಂಬರ್ ಭಾನುವಾರ ಸಂಜೆ 5 ಗಂಟೆಯೊಳಗೆ ತಿಳಿಸಿದರೆ ಪೂರ್ತಿ ₹4,801 ವಾಪಸ್.

ಅಲ್ಲಿಂದ 3 ಡಿಸೆಂಬರ್ ಗುರುವಾರ ಸಂಜೆ 5ರವರೆಗೆ ತಿಳಿಸಿದರೆ ಎರಡು ಸೇವೆಗಳ ಅರ್ಧ, ಅಂದರೆ ₹2,100, ಜೊತೆಗೆ ಅನ್ನದಾನದ ₹501 ಮತ್ತು ಅಂಚೆಯ ₹100. ಒಟ್ಟು ₹2,701 ವಾಪಸ್. ಅನ್ನದಾನದ ಕಾಣಿಕೆ ಇಲ್ಲೇ ಇರಲಿ ಎಂದು ನೀವು ಹೇಳಿದರೆ ಮಾತ್ರ ಇಟ್ಟುಕೊಳ್ಳುತ್ತೇವೆ.

ಗುರುವಾರ ಸಂಜೆ 5ರ ನಂತರ ಹಣ ವಾಪಸ್ ಇಲ್ಲ. ಅಷ್ಟರಲ್ಲಿ ಕಾಯಿ, ಕಬ್ಬು, ಅರಳು ಬಂದಿರುತ್ತದೆ. ಅಡುಗೆಯವರಿಗೂ ಹೇಳಿ ಆಗಿರುತ್ತದೆ. ಆದರೆ ನೀವು ಬರದಿದ್ದರೂ ಸೇವೆ ನಿಲ್ಲುವುದಿಲ್ಲ. ನಿಮ್ಮ ಹೆಸರಿನಲ್ಲೇ ಸಂಕಲ್ಪ ಮಾಡಿ, ಎರಡೂ ಸೇವೆ ನಡೆಸಿ, ಪ್ರಸಾದವನ್ನು ನಿಮ್ಮ ಬೆಂಗಳೂರಿನ ವಿಳಾಸಕ್ಕೆ ನಮ್ಮ ಖರ್ಚಿನಲ್ಲೇ ಕಳಿಸುತ್ತೇವೆ. ಒಂದೇ ಸೇವೆ ರದ್ದು ಮಾಡಿ ಇನ್ನೊಂದನ್ನು ಇಟ್ಟುಕೊಳ್ಳಬಹುದು, ಆಗ ಆ ಒಂದರ ಮೊತ್ತಕ್ಕೆ ಇದೇ ಲೆಕ್ಕ.

ರದ್ದು ಬೇಡ, ದಿನ ಬದಲಿಸಿದರೆ ಸಾಕು ಎಂದಿದ್ದರೆ ಗುರುವಾರ ಸಂಜೆ 5ರವರೆಗೆ ಒಂದು ಸಲ ಬದಲಿಸಬಹುದು. ಅದಕ್ಕೆ ದುಡ್ಡು ಹಿಡಿಯುವುದಿಲ್ಲ. ಹೊಸ ದಿನ ಮೂರು ತಿಂಗಳೊಳಗೆ ಇರಲಿ, ಅಂದು ರಂಗಪೂಜೆಗೆ ಜಾಗ ಇರಬೇಕು. ಒಂದು ರಾತ್ರಿಗೆ ಒಂದೇ ರಂಗಪೂಜೆ ನಮ್ಮಲ್ಲಿ.

ಮನೆಯಲ್ಲಿ ಅಮೆ ಅಥವಾ ಸೂತಕ ಬಂದರೆ ಮೇಲಿನ ಯಾವ ಗಡುವೂ ಅನ್ವಯಿಸುವುದಿಲ್ಲ. ಭಾನುವಾರ ಬೆಳಿಗ್ಗೆ 6ರವರೆಗೂ ಒಂದು ಸಾಲು ಬರೆದರೆ ಸಾಕು, ದಿನ ಮುಂದಕ್ಕೆ ಹಾಕುತ್ತೇವೆ. ಕಾಗದ ಪತ್ರ ಏನೂ ಕೇಳುವುದಿಲ್ಲ. ಅಂಥ ಹೊತ್ತಿನಲ್ಲಿ ಯಾರಾದರೂ ಸರ್ಟಿಫಿಕೇಟ್ ಹುಡುಕುತ್ತಾ ಕೂರುತ್ತಾರಾ? ನಮ್ಮ ಕಡೆಯಿಂದಲೇ ಸೇವೆ ನಡೆಸಲು ಆಗದಿದ್ದರೆ ಪೂರ್ತಿ ಹಣ ವಾಪಸ್, ಅಥವಾ ಬೇರೆ ದಿನ. ಯಾವುದು ಬೇಕೆಂದು ನೀವೇ ಹೇಳಿ.

ರದ್ದು ಮಾಡಲು ಬುಕ್ ಮಾಡಿದ ನಂಬರಿನಿಂದಲೇ ಈ ಸಂದೇಶಕ್ಕೆ 'ರದ್ದು 2026-1187' ಎಂದು ಉತ್ತರಿಸಿ. ನಿಮ್ಮ ಸಂದೇಶ ಬಂದ ಹೊತ್ತೇ ಲೆಕ್ಕಕ್ಕೆ, ನಾವು ಓದಿದ ಹೊತ್ತು ಅಲ್ಲ. ಹಣ ಕಟ್ಟಿದ ಖಾತೆಗೇ 7 ಕೆಲಸದ ದಿನಗಳಲ್ಲಿ ಬರುತ್ತದೆ. ಇದಕ್ಕಾಗಿ ನಾವು ಒಟಿಪಿ, ಪಿನ್, ಲಿಂಕ್ ಏನೂ ಕೇಳುವುದಿಲ್ಲ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ದೇವಸ್ಥಾನದ ಹೆಸರು ಹೇಳಿ ಯಾರಾದರೂ ಪಿನ್ ಹಾಕಿ ಎಂದರೆ ಫೋನ್ ಇಟ್ಟುಬಿಡಿ.

ಬರುವ ದಿನಕ್ಕೆ

ರಾತ್ರಿ ಬಸ್ಸಿನಲ್ಲಿ ಹೊರಡುತ್ತೇವೆ ಎಂದಿದ್ದೀರಿ. ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ ಬಸ್ಸು ಎಷ್ಟು ತಡವಾಗುತ್ತದೆ ಎಂದು ಹೇಳಲಾಗದು. ಆಗುವುದಾದರೆ ಶನಿವಾರವೇ ತಾಯಿಯ ಮನೆಗೆ ಬಂದುಬಿಡಿ. ಗಣಹೋಮದ ಹೊತ್ತನ್ನು ಮುಂದೂಡಲು ಆಗುವುದಿಲ್ಲ, ಅದರ ಹಿಂದೆಯೇ ಬೇರೆಯವರ ಸೇವೆ ಇದೆ. 6.30ಕ್ಕೆ ಗಿರಿಜಮ್ಮ ಒಬ್ಬರೇ ಬಂದು ಕೂತರೂ ನಡೆಯುತ್ತದೆ, ನಾಲ್ಕೂ ಹೆಸರು ಹೇಳುತ್ತೇವೆ. ನೀವು ಪೂರ್ಣಾಹುತಿಗೆ ಸೇರಿಕೊಳ್ಳಿ. ಅವರಿಗೆ ನೆಲದ ಮೇಲೆ ಕೂರಲು ಕಷ್ಟ ಎಂದು ಬರೆದಿದ್ದೀರಿ, ಕುರ್ಚಿ ಇಟ್ಟಿರುತ್ತೇವೆ. ಹೊಗೆ ಜಾಸ್ತಿ ಆದರೆ ಬಾಗಿಲ ಕಡೆ ಸರಿಸಿದರಾಯಿತು.

ಗಂಡಸರು ಒಳಗೆ ಹೋಗುವಾಗ ಅಂಗಿ ತೆಗೆಯಬೇಕು. ನೇತುಹಾಕಲು ಕೌಂಟರಿನ ಪಕ್ಕ ಹಗ್ಗ ಕಟ್ಟಿದೆ, ಮೊಬೈಲು ಕಿಸೆಯಲ್ಲೇ ಬಿಟ್ಟು ಹೋಗಬೇಡಿ. ರಶೀದಿ ಪ್ರಿಂಟ್ ಬೇಡ, ಬುಕಿಂಗ್ ಸಂಖ್ಯೆ ಹೇಳಿದರೆ ಸಾಕು.

ಮಧ್ಯಾಹ್ನ 12.30ಕ್ಕೆ ಅನ್ನಪ್ರಸಾದ. ನಿಮ್ಮ ಕಡೆಯಿಂದ 9 ಜನ ಎಂದು ಬರೆದುಕೊಂಡಿದ್ದೇವೆ. ಒಂದೆರಡು ಎಲೆ ಹೆಚ್ಚು ಕಡಿಮೆ ಆದರೆ ಪರವಾಗಿಲ್ಲ. ಇಪ್ಪತ್ತು ಜನ ಆಗುವುದಾದರೆ ಶನಿವಾರವೇ ಹೇಳಿ.

ಮುಂಬೈಯಲ್ಲಿರುವ ನಿಮ್ಮ ತಮ್ಮನಿಗೆ ಪ್ರಸಾದವನ್ನು ಸೋಮವಾರ, 7 ಡಿಸೆಂಬರ್, ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇವೆ. ಗಂಧ, ಕುಂಕುಮ, ಹೋಮದ ರಕ್ಷೆ ಇರುತ್ತದೆ. ಅಷ್ಟದ್ರವ್ಯ ಕಳಿಸುವುದಿಲ್ಲ. ಅದರಲ್ಲಿ ಕಾಯಿ, ಬಾಳೆಹಣ್ಣು ಇರುವುದರಿಂದ ದಾರಿಯಲ್ಲೇ ಹುಳಿಯಾಗುತ್ತದೆ. ಹಿಂದೊಮ್ಮೆ ಕಳಿಸಿ ಲಕೋಟೆ ಪೂರ್ತಿ ಒದ್ದೆಯಾಗಿ, ಪಡೆದವರಿಂದ ಬೈಸಿಕೊಂಡಿದ್ದೇವೆ. ಅವರ ಪಾಲನ್ನೂ ನೀವೇ ತಿಂದುಬಿಡಿ.

ಸುರೇಶರ ಪಾದ, ಗಿರಿಜಮ್ಮನವರ ನಕ್ಷತ್ರ: ಈ ಎರಡಕ್ಕೆ ಉತ್ತರ ಕಾಯುತ್ತೇವೆ. ಕೌಂಟರ್ ಬೆಳಿಗ್ಗೆ 7ರಿಂದ ಮಧ್ಯಾಹ್ನ 1, ಸಂಜೆ 4ರಿಂದ 8ರವರೆಗೆ ತೆರೆದಿರುತ್ತದೆ.

ಸೇವಾ ಕೌಂಟರ್
ದೇವಸ್ಥಾನದ ಕಚೇರಿ