ಟಚ್‌ಸ್ಕ್ರೀನ್ ಪದೇ ಪದೇ ಹ್ಯಾಂಗ್ ಆಗುತ್ತಿದೆ: ವಾರಂಟಿಯಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಕೊಡಿ

ವಿನೋಬನಗರ, ಶಿವಮೊಗ್ಗ
12 ಆಗಸ್ಟ್ 2025

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. 2023ರ ನವೆಂಬರ್‌ನಲ್ಲಿ ನಿಮ್ಮ ಶೋರೂಮಿನಿಂದಲೇ ಕಾರು ತೆಗೆದುಕೊಂಡಿದ್ದೇನೆ. ಮೂರು ವರ್ಷದ ವಾರಂಟಿ ಇನ್ನೂ ಇದೆ. ಸರ್ವಿಸ್ ಎಲ್ಲವೂ ನಿಮ್ಮಲ್ಲೇ ಆಗಿದೆ.

ತೊಂದರೆ ಟಚ್‌ಸ್ಕ್ರೀನಿನದು. ಓಡಿಸುತ್ತಿರುವಾಗಲೇ ಹ್ಯಾಂಗ್ ಆಗುತ್ತದೆ. ಹಾಡು ಬರುತ್ತಲೇ ಇರುತ್ತದೆ, ಆದರೆ ಎಲ್ಲಿ ಒತ್ತಿದರೂ ಏನೂ ಆಗುವುದಿಲ್ಲ. ಪವರ್ ಬಟನ್ ಒತ್ತಿ ಹಿಡಿದರೆ ಕೆಲವೊಮ್ಮೆ ರೀಸ್ಟಾರ್ಟ್ ಆಗುತ್ತದೆ. ಇಲ್ಲವಾದರೆ ಗಾಡಿ ಆಫ್ ಮಾಡಿ, ಬಾಗಿಲು ಲಾಕ್ ಮಾಡಿ, ಸ್ವಲ್ಪ ಹೊತ್ತು ಕಾಯಬೇಕು.

ಹಾಡಿನದಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಈ ಗಾಡಿಯಲ್ಲಿ ಎಸಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸುವುದೂ ಸ್ಕ್ರೀನಿನಲ್ಲೇ. ಕಳೆದ ತಿಂಗಳು ಆಗುಂಬೆ ಘಾಟಿ ಇಳಿಯುವಾಗ ಜೋರು ಮಳೆ, ಗಾಜಿನ ತುಂಬ ಮಂಜು, ಸ್ಕ್ರೀನು ಸ್ತಬ್ಧ. ಕಿಟಕಿ ಇಳಿಸಿ, ಬಟ್ಟೆಯಲ್ಲಿ ಗಾಜು ಒರೆಸುತ್ತಾ ತಿರುವು ದಾಟಬೇಕಾಯಿತು. ರಿವರ್ಸ್ ಕ್ಯಾಮೆರಾ ಇನ್ನೂ ಅಪಾಯ. ಮನೆ ಮುಂದೆ ಗಾಡಿ ಹಿಂದಕ್ಕೆ ತೆಗೆಯುವಾಗ ಸ್ಕ್ರೀನಿನಲ್ಲಿ ಖಾಲಿ ರಸ್ತೆ ಕಾಣುತ್ತಿತ್ತು, ಕನ್ನಡಿಯಲ್ಲಿ ನೋಡಿದರೆ ಪಕ್ಕದ ಮನೆಯವರ ಸ್ಕೂಟರ್ ಬಂದು ನಿಂತಿದೆ! ಚಿತ್ರ ಅಲ್ಲೇ ನಿಂತುಬಿಟ್ಟಿತ್ತು. ಪೂರ್ತಿ ಕಪ್ಪಾದರೆ ಕೆಟ್ಟಿದೆ ಅಂತಾದರೂ ಗೊತ್ತಾಗುತ್ತದೆ, ಇದು ಹಾಗಲ್ಲ.

ಇದನ್ನು ನಿಮ್ಮಲ್ಲಿ ಹೇಳಿದ್ದು ಇದೇ ಮೊದಲಲ್ಲ. ಒಮ್ಮೆ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿ ರೀಸೆಟ್ ಮಾಡಿದರು. ಕೆಲವು ದಿನ ಸರಿಯಿತ್ತು, ಮತ್ತೆ ಅದೇ ಕಥೆ. ಇನ್ನೊಮ್ಮೆ ಫೋನಿನ ಕೇಬಲ್ ಸರಿಯಿಲ್ಲ ಅಂದರು. ಹೊಸ ಕೇಬಲ್ ತಂದೆ. ಫೋನ್ ಸೇರಿಸದೆ ಓಡಿಸಿದಾಗಲೂ ಹ್ಯಾಂಗ್ ಆಗಿದೆ. ಹಾಗಾಗಿ ತಪ್ಪು ಫೋನಿನದಲ್ಲ, ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ಗಾಡಿ ಕೊಟ್ಟ ದಿನದ ಸಾಫ್ಟ್‌ವೇರ್ ವರ್ಷನ್ನೇ ಈಗಲೂ ಇದೆ. ಇಷ್ಟು ಸಲ ಬಂದರೂ ಅಪ್‌ಡೇಟ್ ಮಾತ್ರ ಯಾರೂ ಮಾಡಿಲ್ಲ.

ಆದ್ದರಿಂದ ಕಂಪನಿಯ ಈಗಿನ ಸಾಫ್ಟ್‌ವೇರನ್ನು ವಾರಂಟಿಯಲ್ಲಿ, ಲೇಬರ್ ಚಾರ್ಜ್ ಇಲ್ಲದೆ ಹಾಕಿಕೊಡಿ. ಜಾಬ್ ಕಾರ್ಡಿನಲ್ಲಿ ‘ಜನರಲ್ ಚೆಕಪ್’ ಅಂತ ಬರೆಯಬೇಡಿ. ‘ಸ್ಕ್ರೀನ್ ಹ್ಯಾಂಗ್, ರಿವರ್ಸ್ ಕ್ಯಾಮೆರಾ ಚಿತ್ರ ನಿಲ್ಲುತ್ತದೆ’ ಅಂತಲೇ ಬರೆಯಿರಿ. ಹಳೆಯ ವರ್ಷನ್, ಹೊಸ ವರ್ಷನ್ ಎರಡೂ ನಮೂದಾಗಲಿ. ಸೇವ್ ಮಾಡಿದ್ದೆಲ್ಲ ಅಳಿಸಿ ಹೋದರೂ ಪರವಾಗಿಲ್ಲ, ನಾನು ಮತ್ತೆ ಹಾಕಿಕೊಳ್ಳುತ್ತೇನೆ. ಅಪ್‌ಡೇಟ್ ಆದ ಮೇಲೂ ಹ್ಯಾಂಗ್ ಆದರೆ ಇಡೀ ಯೂನಿಟ್ಟನ್ನೇ ವಾರಂಟಿಯಲ್ಲಿ ಬದಲಿಸಬೇಕಾಗುತ್ತದೆ. ಅದಕ್ಕೆ ಈಗಲೇ ಕಂಪನಿಗೆ ಬರೆದಿಡಿ.

ನಿಮ್ಮ ಹುಡುಗರು ಕೆಲಸದಲ್ಲಿ ಚೆನ್ನಾಗಿದ್ದಾರೆ, ಅವರ ಮೇಲೆ ದೂರಿಲ್ಲ. ಆದರೆ ಈ ತಿಂಗಳೊಳಗೆ ಇದು ಬಗೆಹರಿಯದಿದ್ದರೆ ಕಂಪನಿಯ ಕಸ್ಟಮರ್ ಕೇರ್‌ಗೂ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡುತ್ತೇನೆ.

ಹ್ಯಾಂಗ್ ಆದಾಗ ತೆಗೆದ ವಿಡಿಯೊಗಳು, ಆರ್‌ಸಿ ಮತ್ತು ಹಿಂದಿನ ಜಾಬ್ ಕಾರ್ಡುಗಳ ಪ್ರತಿ ಜೊತೆಗಿವೆ. ಶನಿವಾರ ಬೆಳಿಗ್ಗೆ ಗಾಡಿ ತಂದು ಬಿಡಬಲ್ಲೆ. ಆ ದಿನ ಆಗುತ್ತದೆಯೇ ಎಂದು ಇದೇ ಮೇಲ್‌ಗೆ ಉತ್ತರಿಸಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಇಂತಿ,
ಮಂಜುನಾಥ