ತರಗತಿ ಇಂಗ್ಲಿಷಿಗೆ ಆರು ತಿಂಗಳ ಯೋಜನೆ: ಜೂನ್‌ನಿಂದ ನವೆಂಬರ್‌ವರೆಗೆ

ಯಾರಿಗೆ: ಸುಂಟಿಕೊಪ್ಪದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 5, 6, 7ನೇ ತರಗತಿಗೆ ಇಂಗ್ಲಿಷ್ ತೆಗೆದುಕೊಳ್ಳುವ ಟೀಚರಿಗೆ
ಬರೆದವರು: ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಮಡಿಕೇರಿ

ಮೇಡಂ,

ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ಸೇರಲಾ ಅಂತ ಕೇಳಿದ್ದಿರಿ. ಸದ್ಯಕ್ಕೆ ಬೇಡ. ಅಲ್ಲಿ ಕಲಿಸುವುದು ಹೆಚ್ಚಾಗಿ ಹೋಟೆಲಿನ ಮಾತು, ಇಂಟರ್‌ವ್ಯೂ ಮಾತು. ನಿಮಗೆ ಬೇಕಾದದ್ದು ನಾಳೆ ಆರನೇ ಕ್ಲಾಸಿನಲ್ಲಿ ನಲವತ್ತು ನಿಮಿಷ ಆಡುವ ಮಾತು. ಅದು ತುಂಬ ಚಿಕ್ಕ ಇಂಗ್ಲಿಷ್. ದಿನಾ ಅದೇ ವಾಕ್ಯಗಳು ತಿರುಗಿ ತಿರುಗಿ ಬರುತ್ತವೆ. ಆದ್ದರಿಂದ ಈ ಯೋಜನೆಯ ನಿಯಮ ಒಂದೇ: ನಾಳೆ ಕ್ಲಾಸಿನಲ್ಲಿ ಬೇಕಾಗುವ ವಾಕ್ಯವನ್ನು ಇವತ್ತು ಸಂಜೆ ಬಾಯಿಗೆ ತಂದುಕೊಳ್ಳಿ, ನಾಳೆ ಅದನ್ನೇ ಬಳಸಿ.

ನಿಮ್ಮ ವ್ಯಾಕರಣ ಚೆನ್ನಾಗಿದೆ, ಬರೆಯುವುದೂ ಸರಿ ಇದೆ. ಮಾರ್ಚಿನಲ್ಲಿ ನಿಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತಾಗ ನನಗೆ ಕಂಡದ್ದು ಬೇರೆ. ನೀವು 'ಟರ್ನ್ ಟು ಪೇಜ್ ಫಾರ್ಟಿ' ಅಂದಿರಿ. ಒಬ್ಬ ಮಗುವೂ ಪುಸ್ತಕ ಮುಟ್ಟಲಿಲ್ಲ. ಉಸಿರು ಬಿಡುವಷ್ಟರಲ್ಲಿ 'ನಲವತ್ತನೇ ಪುಟ ತೆಗೀರಿ' ಅಂತ ನೀವೇ ಹೇಳಿದಿರಿ. ಆಗ ಎಲ್ಲ ಪುಸ್ತಕಗಳೂ ತೆರೆದವು. ಮಕ್ಕಳಿಗೆ ಗೊತ್ತು, ಕನ್ನಡ ಹಿಂದೆಯೇ ಬರುತ್ತದೆ, ಇಂಗ್ಲಿಷನ್ನು ಸುಮ್ನೆ ಹೋಗಲು ಬಿಟ್ಟರಾಯಿತು ಅಂತ. ಈ ಅಭ್ಯಾಸ ಬಿಟ್ಟರೆ ಅರ್ಧ ಕೆಲಸ ಆದ ಹಾಗೆ.

ಇನ್ನೊಂದು ಮಾತು. ಕನ್ನಡಕ್ಕೆ ತಿರುಗಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ ಅನ್ನುವುದು ನಮ್ಮ ಕೊಡಗಿನಲ್ಲಿ ಪೂರ್ತಿ ನಿಜ ಅಲ್ಲ. ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳ, ತುಳು, ತಮಿಳು, ಯರವ ಮಾತಿನವರು ಒಂದೇ ಬೆಂಚಿನಲ್ಲಿ ಇರುತ್ತಾರೆ. ಇಂಥ ಮಕ್ಕಳಿಗೆ ಕೈಸನ್ನೆ, ಚಿತ್ರ, ಎದುರಿಗಿರುವ ವಸ್ತು ಕನ್ನಡಕ್ಕಿಂತ ಬೇಗ ಮುಟ್ಟುತ್ತವೆ. ಆದರೆ ಮಗು ಅಳುತ್ತಿದ್ದಾಗ, ಜಗಳವಾದಾಗ, ಕತೆಯ ಒಳಗಿನ ಸೂಕ್ಷ್ಮ ಹೇಳಬೇಕಾದಾಗ ಕನ್ನಡವೇ ಸರಿ. ಅದಕ್ಕೆ ಸಂಕೋಚ ಬೇಡ.

ದಿನದ ಸಮಯ

ಕುಶಾಲನಗರದಿಂದ ಬರುವ ಬಸ್ಸಿನಲ್ಲಿ ಕಿವಿಗೆ ಕೆಲಸ, ಸಂಜೆ ಮನೆಯಲ್ಲಿ ಹದಿನೈದು ನಿಮಿಷ ಬಾಯಿಗೆ ಕೆಲಸ. ಅದಕ್ಕಿಂತ ಜಾಸ್ತಿ ಬೇಡ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಮನೆ, ಎಲ್ಲ ನಿಮಗೇ ಇದೆ. ಜಾಸ್ತಿ ಇಟ್ಟುಕೊಂಡರೆ ಜುಲೈಗೇ ನಿಂತುಹೋಗುತ್ತದೆ. ನೂರು ಪುಟದ ಒಂದು ನೋಟ್‌ಬುಕ್ ಇದಕ್ಕೆಂದೇ ಇರಲಿ.

ಜೂನ್: ಕೆಲಸ ಹೇಳುವ ಮಾತು

ಶಾಲೆ ಶುರುವಾದ ಮೊದಲ ವಾರವೇ ಫೋನನ್ನು ಮೇಜಿನ ಮೇಲಿಟ್ಟು ಒಂದು ಪೀರಿಯಡ್ ಪೂರ್ತಿ ರೆಕಾರ್ಡ್ ಮಾಡಿ. ಹೆಚ್‌ಎಂ ಅವರಿಗೆ ಮೊದಲೇ ಹೇಳಿಡಿ. ಯಾರಿಗೂ ಕೇಳಿಸಬೇಕಾಗಿಲ್ಲ, ನವೆಂಬರಿಗೆ ಬೇಕು.

ಈ ತಿಂಗಳ ವಾಕ್ಯಗಳು ಇವು: 'ಹೂ ಈಸ್ ಆಬ್ಸೆಂಟ್ ಟುಡೇ?', 'ಲುಕ್ ಅಟ್ ದ ಬೋರ್ಡ್', 'ಲಿಸನ್ ಫಸ್ಟ್, ದೆನ್ ರೈಟ್', 'ವರ್ಕ್ ವಿತ್ ದ ಪರ್ಸನ್ ನೆಕ್ಸ್ಟ್ ಟು ಯು', 'ಹ್ಯಾವ್ ಯು ಫಿನಿಶ್ಡ್?', 'ಕಮ್ ಹಿಯರ್ ಅಂಡ್ ಪಾಯಿಂಟ್ ಟು ಇಟ್', 'ಪುಟ್ ಯುವರ್ ಬುಕ್ಸ್ ಅವೇ'. ಜೊತೆಗೆ ನಮ್ಮ ಊರಿನವು ಎರಡು: 'ಲೀವ್ ಯುವರ್ ಅಂಬ್ರೆಲ್ಲಾ ಔಟ್‌ಸೈಡ್', 'ಶಟ್ ದ ವಿಂಡೋ, ದ ರೇನ್ ಈಸ್ ಕಮಿಂಗ್ ಇನ್'. ಮಳೆಗಾಲದಲ್ಲಿ ಇವೆರಡಕ್ಕೆ ದಿನಾ ಕೆಲಸ ಇರುತ್ತದೆ.

ಹೇಳುವ ಕ್ರಮ: ಒಂದು ಸಲ ನಿಧಾನವಾಗಿ ಹೇಳಿ, ಕೈಯಲ್ಲಿ ತೋರಿಸಿ. ಕಾಯಿರಿ. ಆಗದಿದ್ದರೆ ಅದೇ ವಾಕ್ಯವನ್ನೇ ಇನ್ನೊಮ್ಮೆ ಹೇಳಿ, ಬೇರೆ ವಾಕ್ಯಕ್ಕೆ ಹೋಗಬೇಡಿ. ಮಾಡಿದ ಮಗುವನ್ನು ತೋರಿಸಿ 'ಗುಡ್, ಲೈಕ್ ದಟ್' ಅನ್ನಿ. ಉಳಿದವರು ಅವಳನ್ನು ನೋಡಿ ಮಾಡುತ್ತಾರೆ. ಕೇಳಿ, ಮೈಯಿಂದ ಮಾಡಿ ಕಲಿಯುವ ಈ ದಾರಿಯನ್ನು ಜೇಮ್ಸ್ ಆಶರ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲೇ ವಿವರಿಸಿದ್ದರು. ಮೊದಲ ವಾರ ಕ್ಲಾಸು ನಿಧಾನವಾಗುತ್ತದೆ, ಗಲಿಬಿಲಿ ಆಗುತ್ತದೆ. ತಡೆದುಕೊಳ್ಳಿ. ಶೀಟಿನ ಮೇಲೆ ಮಳೆ ಹೊಡೆಯುವಾಗ ನಿಮ್ಮ ದನಿ ಎರಡನೇ ಬೆಂಚಿಗೂ ಹೋಗುವುದಿಲ್ಲ. ಆ ಹೊತ್ತಿನಲ್ಲಿ ಗಂಟಲು ಹರಿದುಕೊಳ್ಳಬೇಡಿ, ವಾಕ್ಯವನ್ನು ಬೋರ್ಡಿನಲ್ಲಿ ಬರೆದು ಬೆರಳಿಟ್ಟು ತೋರಿಸಿ.

ಜುಲೈ: ಕಿವಿ ಮತ್ತು ಉಚ್ಚಾರ

ಮಳೆ ರಜೆ ಘೋಷಣೆಯಾಗುವ ತಿಂಗಳು. ಮಧ್ಯೆ ಎಫ್‌ಎ-1 ಇದೆ. ಕರೆಂಟು, ನೆಟ್‌ವರ್ಕು ಯಾವುದನ್ನೂ ನಂಬುವ ಹಾಗಿಲ್ಲ. ಆದ್ದರಿಂದ ಜೂನ್ ಕೊನೆಗೇ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಆರು ನಿಮಿಷದ ಕಾರ್ಯಕ್ರಮಗಳನ್ನು ಒಂದಷ್ಟು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹಣ ಕೊಡಬೇಕಾಗಿಲ್ಲ. ಒಂದನ್ನೇ ವಾರವಿಡೀ ಕೇಳಿ. ದಿನಕ್ಕೊಂದು ಹೊಸದು ಕೇಳಿದರೆ ಏನೂ ಉಳಿಯುವುದಿಲ್ಲ.

ಬ್ರಿಟಿಷರ ಹಾಗೆ ಮಾತಾಡಬೇಕಾಗಿಲ್ಲ. ನಮ್ಮ ಉಚ್ಚಾರದಲ್ಲೇ ಸ್ಪಷ್ಟವಾಗಿರಬೇಕು, ಅಷ್ಟೇ. ವಾರಕ್ಕೊಂದರಂತೆ ನಾಲ್ಕು ವಿಷಯ ಹಿಡಿಯಿರಿ.

ಮೊದಲ ವಾರ, ಪದದ ಶುರುವಿನ ಸ್ವರ. ನಮ್ಮ ಬಾಯಲ್ಲಿ 'ಎಗ್' ಅನ್ನುವುದು 'ಯೆಗ್' ಆಗುತ್ತದೆ, 'ಓನ್ಲಿ' ಹೋಗಿ 'ವೋನ್ಲಿ' ಆಗುತ್ತದೆ. ಎರಡನೇ ವಾರ, 'ಝೂ', 'ಝೀರೋ' ಪದಗಳ ಮೊದಲ ಸದ್ದು. ಹಾವಿನ ಹಾಗೆ 'ಸ್' ಅಂತ ಎಳೆಯುತ್ತಾ ಗಂಟಲಿನ ಮೇಲೆ ಬೆರಳಿಟ್ಟು ನಡುಕ ತನ್ನಿ, ಅದೇ ಸದ್ದು. ಮಕ್ಕಳಿಗೂ ಹಾಗೇ ಮಾಡಿಸಿ, ತುಂಬ ಖುಷಿಪಡುತ್ತಾರೆ. ಮೂರನೇ ವಾರ, ಪದದ ಕೊನೆಗೆ 'ಉ' ಸೇರಿಸುವ ಅಭ್ಯಾಸ: ಬಸ್ಸು, ಬುಕ್ಕು. ಕನ್ನಡದಲ್ಲಿ ಮಾತಾಡುವಾಗ ಅದು ಸರಿಯೇ, ಇಂಗ್ಲಿಷ್ ವಾಕ್ಯದಲ್ಲಿ ಮಾತ್ರ ಬಿಡಬೇಕು. ನಾಲ್ಕನೇ ವಾರ, ಒತ್ತು. ನಾವು ಎಲ್ಲ ಅಕ್ಷರವನ್ನೂ ಒಂದೇ ತೂಕದಲ್ಲಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಒಂದು ಭಾಗ ಏಳುತ್ತದೆ, ಉಳಿದವು ತಗ್ಗುತ್ತವೆ. 'ಫೋಟೋಗ್ರಾಫ್'ನಲ್ಲಿ ಒತ್ತು ಮೊದಲ ಭಾಗಕ್ಕೆ, 'ಫಟಾಗ್ರಫಿ'ಯಲ್ಲಿ ಎರಡನೆಯದಕ್ಕೆ. ಅನುಮಾನ ಬಂದ ಪದವನ್ನು ಕೇಂಬ್ರಿಡ್ಜ್ ಆನ್‌ಲೈನ್ ಡಿಕ್ಷನರಿಯಲ್ಲಿ ಒತ್ತಿ ಕೇಳಿ.

ಸಂಜೆ ಪಾಠದ ಒಂದು ಪ್ಯಾರಾವನ್ನು ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ, ಬೆಳಿಗ್ಗೆ ಬಸ್ಸಿನಲ್ಲಿ ಕೇಳಿ. ಓದಿದ ತಕ್ಷಣ ಕೇಳಬೇಡಿ. ರಾತ್ರಿ ಕಳೆದ ಮೇಲೆ ಕಿವಿ ಚೆನ್ನಾಗಿ ಹಿಡಿಯುತ್ತದೆ.

ಆಗಸ್ಟ್: ಪ್ರಶ್ನೆ ಕೇಳುವುದು

ನನಗೆ ಅತಿ ಮುಖ್ಯ ಅನ್ನಿಸುವ ತಿಂಗಳು ಇದು. ನಮ್ಮ ಬಹುತೇಕ ಕ್ಲಾಸುಗಳಲ್ಲಿ ಟೀಚರ್ ಕೇಳುತ್ತಾರೆ, ಟೀಚರೇ ಉತ್ತರ ಶುರು ಮಾಡುತ್ತಾರೆ, ಮಕ್ಕಳು ಕೊನೆಯ ಪದವನ್ನು ಒಟ್ಟಿಗೆ ಕೂಗುತ್ತಾರೆ. ಅಲ್ವಾ? ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ಕ್ಲಾಸುಗಳನ್ನು ರೆಕಾರ್ಡ್ ಮಾಡಿ ನೋಡಿದರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿಬಿಡದವರೂ ಮಾತಾಡಿದರು. ಅದಕ್ಕೆ, ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಎರಡನೇ ಭಾಷೆಯಲ್ಲಿ ಯೋಚಿಸುವ ಮಗುವಿಗೆ ಮೂರು ಸೆಕೆಂಡೂ ಕಡಿಮೆಯೇ.

ಪ್ರಶ್ನೆಗಳನ್ನು ಮೂರು ಮೆಟ್ಟಿಲಲ್ಲಿ ಕೇಳಿ. ಒಂದು ಕಾಫಿ ಗೊನೆ ಕೈಯಲ್ಲಿ ಹಿಡಿದು ಶುರು ಮಾಡಿ. 'ಈಸ್ ದಿಸ್ ಪೆಪ್ಪರ್?' ಇದಕ್ಕೆ 'ನೋ' ಅಂದರೆ ಸಾಕು. 'ಆರ್ ದ ಬೆರೀಸ್ ರೆಡ್ ಆರ್ ಗ್ರೀನ್?' ಇಲ್ಲಿ ಉತ್ತರದ ಪದ ಪ್ರಶ್ನೆಯಲ್ಲೇ ಇದೆ. ಆಮೇಲೆ 'ವೆನ್ ಡು ವಿ ಪಿಕ್ ದೆಮ್?' ಹಿಂದುಳಿದ ಮಗುವಿಗೆ ಮೊದಲ ಮೆಟ್ಟಿಲು, ಚುರುಕಾದವರಿಗೆ ಮೂರನೆಯದು. ಎಲ್ಲರಿಗೂ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ ಸಮಾಧಾನ.

ಎಸ್ಟೇಟ್ ಲೈನಿನ ಮಕ್ಕಳನ್ನು 'ಇಂಗ್ಲಿಷ್ ಬರುವುದಿಲ್ಲ' ಅಂತ ಬದಿಗಿಡಬೇಡಿ. ಪಲ್ಪರ್, ನರ್ಸರಿ, ಸ್ಪ್ರೇ, ಶೇಡ್, ಯಾರ್ಡ್, ರೈಟರ್ ಎಲ್ಲ ಅವರ ಮನೆಮಾತು. ಹಾಕಿ ಆಡುವವರಿಗೆ ಗೋಲ್, ಪಾಸ್, ಪೆನಾಲ್ಟಿ ಕಾರ್ನರ್ ಗೊತ್ತು. ಪದ ಇದೆ, ಅದನ್ನು ಕೂರಿಸುವ ವಾಕ್ಯ ನೀವು ಕೊಡಬೇಕು. ಪ್ರತಿ ಸಂಜೆ ನಾಳಿನ ಪಾಠಕ್ಕೆ ಆರು ಪ್ರಶ್ನೆ ಬರೆದು, ಜೋರಾಗಿ ಹೇಳಿಕೊಳ್ಳಿ.

ಸೆಪ್ಟೆಂಬರ್: ತಿದ್ದುವುದು

ಕೈಲ್‌ಪೊಳ್ದ್ ಮುಗಿಸಿ ಬಂದ ಮಗು 'ಯೆಸ್ಟರ್ಡೇ ಐ ಗೋ ಟು ಮೈ ಅಂಕಲ್ ಹೌಸ್' ಅನ್ನುತ್ತಾನೆ. 'ಗೋ ಅಲ್ಲ, ವೆಂಟ್' ಅಂದರೆ ಅವನು ಕೂರುತ್ತಾನೆ, ಮತ್ತೆ ಏಳುವುದಿಲ್ಲ. 'ಓ, ಯು ವೆಂಟ್ ಟು ಯುವರ್ ಅಂಕಲ್ಸ್ ಹೌಸ್! ವಾಟ್ ಡಿಡ್ ಯು ಈಟ್ ದೇರ್?' ಅಂದರೆ ತಿದ್ದಿದ್ದೂ ಆಯಿತು, ಮಾತೂ ಮುಂದುವರಿಯಿತು. ಒಂದು ಪೀರಿಯಡ್‌ನಲ್ಲಿ ಒಂದೇ ಬಗೆಯ ತಪ್ಪನ್ನು ತಿದ್ದಿ, ಉಳಿದದ್ದು ಬಿಡಿ.

ನಿಮ್ಮ ಮಾತಿನಲ್ಲಿ ತಿದ್ದಿಕೊಳ್ಳಬೇಕಾದವು ಕೆಲವು ಇವೆ. 'ಡಿಡ್ ಯು ಬ್ರಾಟ್?' ಅಲ್ಲ, 'ಡಿಡ್ ಯು ಬ್ರಿಂಗ್?'. 'ಟೆಲ್ ಮಿ ವಾಟ್ ಈಸ್ ದಿಸ್' ಅಲ್ಲ, 'ಟೆಲ್ ಮಿ ವಾಟ್ ದಿಸ್ ಈಸ್'. 'ಡಿಸ್ಕಸ್ ಅಬೌಟ್', 'ರಿಟರ್ನ್ ಬ್ಯಾಕ್' ಎರಡರಲ್ಲೂ ಕೊನೆಯ ಪದ ಬೇಡ. 'ಐ ಆಮ್ ಹ್ಯಾವಿಂಗ್ ಟೂ ಪೆನ್ಸ್' ಬದಲು 'ಐ ಹ್ಯಾವ್ ಟೂ ಪೆನ್ಸ್'. ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದುಕೊಳ್ಳಿ. ಕ್ಲಾಸಿನ ಮಧ್ಯೆ ತಪ್ಪಿದ್ದು ಗೊತ್ತಾದರೆ ಸರಿಯಾದದ್ದನ್ನು ಹೇಳಿ ಮುಂದೆ ಹೋಗಿ. ಟೀಚರ್ ತಿದ್ದಿಕೊಳ್ಳುವುದನ್ನು ನೋಡಿದ ಮಕ್ಕಳಿಗೆ ತಪ್ಪಿನ ಭಯ ಕಡಿಮೆಯಾಗುತ್ತದೆ.

ಅಕ್ಟೋಬರ್

ಪರೀಕ್ಷೆ, ದಸರಾ ರಜೆ, ತುಲಾ ಸಂಕ್ರಮಣ. ಹೊಸದೇನೂ ಬೇಡ. ರಜೆಯಲ್ಲಿ ಮಕ್ಕಳ ಇಂಗ್ಲಿಷ್ ಕತೆ ಪುಸ್ತಕಗಳನ್ನು ಮನೆಯವರ ಎದುರು ಜೋರಾಗಿ ಓದಿ. ಶಾಲೆಯ ಲೈಬ್ರರಿಯಲ್ಲಿರುವ ತೆಳು ಪುಸ್ತಕಗಳೇ ಸಾಕು.

ನವೆಂಬರ್: ನಿಲ್ಲದೆ ಐದು ನಿಮಿಷ

ಇಷ್ಟು ದಿನ ಬಿಡಿ ವಾಕ್ಯ. ಈಗ ಜೋಡಿಸಿ. ವಾರಕ್ಕೊಂದು ದಿನ, ಮಕ್ಕಳಿಗೆ ಗೊತ್ತಿರುವ ವಿಷಯವನ್ನೇ ಐದು ನಿಮಿಷ ಇಂಗ್ಲಿಷಿನಲ್ಲಿ ಹೇಳಿ. 'ಫಸ್ಟ್ ವಿ ಪಿಕ್ ದ ರೆಡ್ ಬೆರೀಸ್. ದೆನ್ ವಿ ಪಲ್ಪ್ ದೆಮ್. ನೆಕ್ಸ್ಟ್ ವಿ ವಾಶ್ ದ ಬೀನ್ಸ್. ಆಫ್ಟರ್ ದಟ್ ವಿ ಡ್ರೈ ದೆಮ್ ಇನ್ ದ ಯಾರ್ಡ್.' ವಿಷಯ ಗೊತ್ತಿರುವುದರಿಂದ ಮಕ್ಕಳ ಗಮನವೆಲ್ಲ ಮಾತಿನ ಮೇಲೇ ಇರುತ್ತದೆ. ಆಮೇಲೆ ಇಬ್ಬಿಬ್ಬರಾಗಿ ಅವರೇ ಹೇಳಲಿ. ಪುತ್ತರಿಯಲ್ಲಿ ಕದಿರು ತೆಗೆಯುವುದು, ಅಕ್ಕಿರೊಟ್ಟಿ ಮಾಡುವುದು ಎರಡೂ ಈ ಕ್ರಮಕ್ಕೆ ಒಗ್ಗುತ್ತವೆ. ಬರೆದು ಓದಬೇಡಿ, ಚೀಟಿಯಲ್ಲಿ ನಾಲ್ಕು ಪದ ಇಟ್ಟುಕೊಂಡು ಮಾತಾಡಿ.

ತಿಂಗಳ ಕೊನೆಗೆ ಇನ್ನೊಂದು ಪೀರಿಯಡ್ ರೆಕಾರ್ಡ್ ಮಾಡಿ. ಜೂನಿನದರ ಪಕ್ಕದಲ್ಲಿಟ್ಟು ಮೂರು ಎಣಿಕೆ ತೆಗೆಯಿರಿ: ಹೇಳಿದ್ದನ್ನೇ ಕನ್ನಡದಲ್ಲಿ ಎಷ್ಟು ಸಲ ತಿರುಗಿ ಹೇಳಿದಿರಿ, ಎಷ್ಟು ಬೇರೆ ಬೇರೆ ಮಕ್ಕಳ ದನಿ ಕೇಳಿಸಿತು, ಒಂದು ಪದಕ್ಕಿಂತ ಉದ್ದದ ಉತ್ತರ ಎಷ್ಟು ಬಂತು. ನಿಮ್ಮ ಇಂಗ್ಲಿಷ್ ಎಷ್ಟು ಚಂದ ಅನ್ನುವುದಕ್ಕಿಂತ ಈ ಮೂರು ನನಗೆ ಮುಖ್ಯ.

ಅದಾದ ಮೇಲೆ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಗೆ ಪ್ರಯತ್ನಿಸಿ. 1963ರಿಂದ ಇಂಗ್ಲಿಷ್ ಟೀಚರುಗಳಿಗೆಂದೇ ಇರುವ ಸಂಸ್ಥೆ. ಇಲಾಖೆಯ ಮೂಲಕವೇ ಹೋಗಬೇಕು, ಆದ್ದರಿಂದ ಕೂಡಿಗೆಯ ಡಯಟ್‌ನಲ್ಲೂ ನಿಮ್ಮ ಸಿಆರ್‌ಪಿ ಹತ್ತಿರವೂ ಈಗಲೇ ಹೇಳಿಡಿ. ಎರಡೂ ರೆಕಾರ್ಡಿಂಗ್ ಹಿಡಿದುಕೊಂಡು ಡಿಸೆಂಬರ್ ಮೊದಲ ಭಾನುವಾರ ಮನೆಗೆ ಬನ್ನಿ, ಒಟ್ಟಿಗೆ ಕೂತು ಕೇಳೋಣ.