ನಮ್ಮ ಗೋಮಾಳದ ಮೇಲೆ ಡ್ರೋನ್ ಯಾಕೆ ಹಾರಿಸುತ್ತಿದ್ದಾರೆ

ಎಲ್ಲರಿಗೂ ನಮಸ್ಕಾರ. ಹಿರಿಯರೇ, ಅಣ್ಣಂದಿರೇ, ಅಕ್ಕಂದಿರೇ, ಹಾಲಿನ ಡೇರಿಗೆ ಹೋಗುವ ಹೊತ್ತಿನಲ್ಲಿ ಬಂದು ಕೂತಿದ್ದೀರಿ. ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ಮನೆಯಲ್ಲಿ ತೆಲುಗು ಮಾತಾಡುವ ಅಜ್ಜಿಯಂದಿರಿಗೆ ಏನಾದರೂ ಅರ್ಥವಾಗದಿದ್ದರೆ ಕೈ ಎತ್ತಿ, ತೆಲುಗಿನಲ್ಲೂ ಹೇಳುತ್ತೇನೆ.

ಮೂರು ದಿನದಿಂದ ಊರಲ್ಲಿ ಒಂದೇ ಮಾತು. ಗೋಮಾಳದ ಮೇಲೆ ಡ್ರೋನ್ ಬರುತ್ತದಂತೆ, ಜಮೀನು ಕಂಪನಿಗೆ ಕೊಡುತ್ತಾರಂತೆ, ಸಾಗುವಳಿ ಮಾಡಿಕೊಂಡಿರುವವರನ್ನು ಎಬ್ಬಿಸುತ್ತಾರಂತೆ. ನಿನ್ನೆ ಕೊಳಾಯಿ ಹತ್ತಿರ ಒಬ್ಬ ಅಕ್ಕ ನನ್ನ ಕೈ ಹಿಡಿದು, 'ನಿನಗೂ ಗೊತ್ತಿದ್ದೂ ಸುಮ್ನೆ ಇದ್ದೀಯಾ?' ಅಂತ ಕೇಳಿದರು. ಅವರು ಕೇಳಿದ್ದು ಸರಿ. ಹತ್ತಿರದಲ್ಲೇ ನರಸಾಪುರ, ವೇಮಗಲ್ ಕಡೆ ಹೊಲಗಳೆಲ್ಲ ಕಾರ್ಖಾನೆ ಆಗಿದ್ದನ್ನು ನೋಡಿದ ಜಿಲ್ಲೆಯ ಜನ ನಾವು. ಅಳತೆ ಅಂದರೆ ಹೆದರಿಕೆ ಆಗೇ ಆಗುತ್ತದೆ. ಅದಕ್ಕೇ ನನಗೆ ಗೊತ್ತಿರುವುದನ್ನೆಲ್ಲ ಬಿಚ್ಚಿ ಹೇಳಲು ಈ ಸಭೆ ಕರೆದೆವು.

ಮೊದಲು, ಏನು ಅಳೆಯುತ್ತಾರೆ ಅನ್ನುವುದು. ಸ್ವಾಮಿತ್ವ ಅಂತ ನೀವು ಕೇಳಿರುತ್ತೀರಿ. 2020ರ ಏಪ್ರಿಲ್ 24ರಂದು ಶುರುವಾದ ಯೋಜನೆ ಅದು. ಅದರಲ್ಲೂ ಡ್ರೋನ್ ಹಾರಿಸುತ್ತಾರೆ, ಆದರೆ ಅದು ಗ್ರಾಮಠಾಣದೊಳಗಿನ ಮನೆ, ಸೈಟುಗಳಿಗೆ. ಈಗ ಬರುತ್ತಿರುವುದು ಅದಲ್ಲ. ಇದು ಊರ ಹೊರಗಿನ ಸಾರ್ವಜನಿಕ ಜಮೀನಿಗೆ. ಅಂದರೆ ಗೋಮಾಳ, ಗುಂಡುತೋಪು, ಕೆರೆ ಅಂಗಳ, ರಾಜಕಾಲುವೆ, ಎರಡೂ ಸ್ಮಶಾನ, ಬಂಡಿ ದಾರಿ, ಬಿ ಖರಾಬು. ನಿಮ್ಮ ಮನೆಗೆ ಕಂದಾಯ ಏರಿಸುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಯಾಕೆ ಬೇಕು ಅಂತ ಕೇಳಿದರೆ, ನಮ್ಮ ಗೋಮಾಳ ಎಷ್ಟಿದೆ ಅಂತ ನಮಗೇ ಗೊತ್ತಿಲ್ಲ. ಪಹಣಿ ತೆಗೆದರೆ 112 ಎಕರೆ 20 ಗುಂಟೆ. ಕುರಿ ಕಾಯುವ ನಮ್ಮ ಹುಡುಗರನ್ನು ಕೇಳಿ, ಮೇಯಿಸಲು ಜಾಗವೇ ಇಲ್ಲ ಅನ್ನುತ್ತಾರೆ. ಎರಡೂ ನಿಜ ಇರಬೇಕಾದರೆ ನಡುವೆ ಜಮೀನು ಎಲ್ಲೋ ಹೋಗಿದೆ ಅಲ್ವಾ? ಸ್ವಲ್ಪ ಜಾಲಿ ನುಂಗಿದೆ. ಸ್ವಲ್ಪ ನೀಲಗಿರಿ ತೋಪಿನೊಳಗೆ ಸೇರಿದೆ. ಸ್ವಲ್ಪ ಹಿಂದೆ ಮಂಜೂರಾಗಿದೆ, ಅದು ಕಾನೂನು ಪ್ರಕಾರ ಅವರದ್ದೇ. ಉಳಿದದ್ದು ಪ್ರತಿ ವರ್ಷ ಒಂದೆರಡು ಸಾಲು ಮುಂದೆ ಉತ್ತು ಉತ್ತು ಹೋಗಿದೆ.

ಕಳೆದ ವಾರ ಗ್ರಾಮ ಆಡಳಿತಾಧಿಕಾರಿ ಜೊತೆ ನಾನೂ ಹೋಗಿದ್ದೆ. ಹಳೇ ಗ್ರಾಮ ನಕ್ಷೆ ಹಿಡಿದು ಬಾಂದು ಕಲ್ಲು ಹುಡುಕುತ್ತಾ ಹೋದೆವು. ಹುಣಸೆ ಮರದ ಹತ್ತಿರ ಇರಬೇಕಿದ್ದ ಕಲ್ಲು ಸಿಗಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಟೊಮೆಟೊ ತೋಟದ ಮಧ್ಯೆ, ಎರಡು ಸಾಲಿನ ನಡುವೆ. ಅದಕ್ಕೇ ಹಗ್ಗ ಸುತ್ತಿ ಟೊಮೆಟೊ ಕೋಲು ಕಟ್ಟಿದ್ದರು. ತೋಟದವರ ಹೆಸರು ಹೇಳುವುದಿಲ್ಲ, ಯಾಕೆಂದರೆ ಕಲ್ಲು ಯಾವ ಕಾಲದಲ್ಲಿ ಆ ಕಡೆ ಆಯಿತೋ ಅವರಿಗೂ ಗೊತ್ತಿಲ್ಲ. ಅವರ ತಂದೆ ಕಾಲದಲ್ಲೇ ಇರಬಹುದು. ಇಂಥದ್ದಕ್ಕೇ ಅಳತೆ ಬೇಕು. ಜಗಳ ಆಡಿ ತೀರ್ಮಾನ ಮಾಡುವ ವಿಷಯ ಅಲ್ಲ ಇದು.

ಹಿಂದೆ ಸರಪಳಿ ಹಿಡಿದು ಅಳೆಯುತ್ತಿದ್ದರು. ಹಿರಿಯರು ನೋಡಿದ್ದೀರಿ, 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ, ಅಂಥ 40 ಸೇರಿದರೆ ಎಕರೆ. ನೂರಕ್ಕೂ ಜಾಸ್ತಿ ಎಕರೆ ಗೋಮಾಳ, ಅದರಲ್ಲಿ ಅರ್ಧ ಜಾಲಿ ಮುಳ್ಳು, ಬಂಡೆ, ಹಳ್ಳ. ಸರಪಳಿ ಎಳೆಯಬೇಕಾದರೆ ತಿಂಗಳುಗಟ್ಟಲೆ ಬೇಕು. ಸರ್ವೆಯರ್‌ಗೆ ನಮ್ಮೂರು ಒಂದೇ ಅಲ್ಲ, ಅವರ ಮೇಜಿನ ಮೇಲೆ ಪೋಡಿ, ಹದ್ದುಬಸ್ತು ಅರ್ಜಿಗಳು ಎಷ್ಟು ಬಿದ್ದಿವೆ ಅಂತ ಅರ್ಜಿ ಹಾಕಿ ಕಾದಿರುವ ನಿಮಗೆ ಹೇಳಬೇಕಾಗಿಲ್ಲ. ಡ್ರೋನ್ ಆದರೆ ಮೇಲಿಂದ ಸಾಲು ಸಾಲಾಗಿ, ಒಂದರ ಮೇಲೊಂದು ಸ್ವಲ್ಪ ಬರುವ ಹಾಗೆ ಫೋಟೋ ತೆಗೆಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಅವೆಲ್ಲ ಸೇರಿಸಿ ಅಳತೆಗೆ ಸರಿಯಾದ ಒಂದೇ ಚಿತ್ರ ಮಾಡುತ್ತಾರೆ. ಅದರ ಮೇಲೆ ಹಳೇ ಗ್ರಾಮ ನಕ್ಷೆ ಕೂರಿಸಿದರೆ ಕಾಗದದಲ್ಲಿ ಎಲ್ಲಿದೆ, ನೆಲದಲ್ಲಿ ಎಲ್ಲಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಹಾರಿಸುವ ಮುಂಚೆ ಸರ್ವೆಯವರು ಅಲ್ಲಲ್ಲಿ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ದೊಡ್ಡ ಗುಣಾಕಾರ ಗುರುತು ಹಾಕುತ್ತಾರೆ. ರೋವರ್ ಅಂತ ಕೋಲಿನ ಮೇಲೆ ಕೂರಿಸಿದ ಯಂತ್ರ ಇದೆ, ಅದನ್ನು ಆ ಗುರುತಿನ ಮೇಲೆ ನಿಲ್ಲಿಸಿ ಜಾಗದ ಲೆಕ್ಕ ತೆಗೆದುಕೊಳ್ಳುತ್ತಾರೆ. ಮೇಲಿನ ಫೋಟೋವನ್ನು ನೆಲಕ್ಕೆ ಸರಿಯಾಗಿ ಕೂರಿಸುವುದು ಆ ಗುರುತುಗಳೇ. ಮಕ್ಕಳು ಅದನ್ನು ತುಳಿದು ಅಳಿಸಬಾರದು, ಮನೆಯಲ್ಲಿ ಹೇಳಿ. ಮುಖ್ಯ ಗುರುತೊಂದು ಶಾಲೆ ಹಿಂದಿನ ಬಂಡೆ ಹತ್ತಿರ ಬರುತ್ತದೆ.

ಅಕ್ಕಂದಿರು ಒಂದು ಕೇಳಿದಿರಿ, ಕೆರೆ ಹತ್ತಿರ ಬಟ್ಟೆ ಒಗೆಯುವಾಗ, ಬಯಲಿಗೆ ಹೋದಾಗ ಫೋಟೋ ಬೀಳುತ್ತದಾ ಅಂತ. ಕೇಳಿದ್ದು ಒಳ್ಳೆಯದಾಯಿತು. ಕ್ಯಾಮೆರಾ ನೇರ ಕೆಳಕ್ಕೆ ನೋಡುತ್ತದೆ, ಅದೂ ಬಹಳ ಎತ್ತರದಿಂದ. ಮುಖ ಗುರುತು ಸಿಗುವುದಿಲ್ಲ. ಆದರೂ ನಾನು ಅವರಿಗೆ ಹೇಳಿದ್ದೇನೆ, ಕೆರೆ ಕಡೆ ಹಾರಿಸುವ ಮುಂಚೆ ತಮಟೆ ಹೊಡೆಸಿ ತಿಳಿಸಬೇಕು ಅಂತ. ಒಪ್ಪಿದ್ದಾರೆ.

ಈಗ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಎಬ್ಬಿಸುತ್ತಾರಾ?

ಡ್ರೋನ್ ಯಾರನ್ನೂ ಎಬ್ಬಿಸುವುದಿಲ್ಲ, ಯಾರಿಗೂ ಹಕ್ಕು ಕೊಡುವುದೂ ಇಲ್ಲ. ಅದು ಇರುವುದನ್ನು ತೋರಿಸುತ್ತದೆ ಅಷ್ಟೇ. ಗೋಮಾಳ ಕಂದಾಯ ಇಲಾಖೆಗೆ ಸೇರಿದ್ದು, ತೀರ್ಮಾನ ತಹಶೀಲ್ದಾರರ ಕಚೇರಿಯದ್ದು. ಒತ್ತುವರಿ ಅಂತ ಕಂಡರೆ ನೋಟಿಸ್ ಕೊಡಬೇಕು, ನಿಮ್ಮ ಮಾತು ಕೇಳಬೇಕು. ಅದು ಆಗದೆ ಯಾರಾದರೂ ಬಂದು ಬೇಲಿ ಕೀಳಲು ನೋಡಿದರೆ ನಾನು ಅಲ್ಲಿ ನಿಲ್ಲುತ್ತೇನೆ, ನೀವೂ ಬನ್ನಿ. ಫಾರಂ 50, 53, 57ರಲ್ಲಿ ಬಗರ್‌ಹುಕುಂ ಅರ್ಜಿ ಹಾಕಿರುವವರು ಅರ್ಜಿಯ ರಸೀದಿ, ಹಳೇ ದಂಡದ ರಸೀದಿ ಏನಿದ್ದರೂ ತೆಗೆದಿಡಿ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು 94ಸಿ ಅರ್ಜಿಯ ಪ್ರತಿ ಇಟ್ಟುಕೊಳ್ಳಿ. ಕಾಗದ ಇಲ್ಲದವರು ನಾಳೆ ಬೆಳಿಗ್ಗೆ ಪಂಚಾಯಿತಿಗೆ ಬನ್ನಿ, ಕೂತು ಪಟ್ಟಿ ಮಾಡೋಣ.

ಹಾಗಂತ ಎಲ್ಲರಿಗೂ ಭರವಸೆ ಕೊಟ್ಟು ಚಪ್ಪಾಳೆ ಗಿಟ್ಟಿಸುವುದಿಲ್ಲ. ಒಂದೂವರೆ ಎಕರೆಯಲ್ಲಿ ರಾಗಿ ಬೆಳೆದು ಮಕ್ಕಳನ್ನು ಸಾಕುವವರು ಬೇರೆ. ಹತ್ತು ಎಕರೆ ಸ್ವಂತ ಇದ್ದೂ ಗೋಮಾಳಕ್ಕೆ ಜೆಸಿಬಿ ಬಿಟ್ಟವರು ಬೇರೆ. ಎರಡನೆಯವರ ಪರ ನಾನು ಒಂದು ಮಾತೂ ಆಡುವುದಿಲ್ಲ. 2011ರ ಜನವರಿ 28ರಂದು ಸುಪ್ರೀಂ ಕೋರ್ಟ್, ಪಂಜಾಬಿನ ಒಂದು ಊರಿನ ಕೆರೆ ಜಾಗದ ಕೇಸಿನಲ್ಲಿ, ಊರೊಟ್ಟಿನ ಜಮೀನು ಊರಿಗೇ ವಾಪಸ್ ಆಗಬೇಕು ಅಂತ ತೀರ್ಪು ಕೊಟ್ಟಿದೆ. ಬಹಳ ದಿನದಿಂದ ಹಿಡಿದುಕೊಂಡಿದ್ದೀವಿ, ದುಡ್ಡು ಹಾಕಿ ಕಟ್ಟಿದ್ದೀವಿ ಅನ್ನುವುದು ನೆಪ ಆಗುವುದಿಲ್ಲ ಅಂದಿದೆ. ಅದೇ ತೀರ್ಪು ಭೂಮಿ ಇಲ್ಲದ ಕೂಲಿಯವರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಗುತ್ತಿಗೆ ಕೊಟ್ಟಿದ್ದರೆ, ಜಾಗದಲ್ಲಿ ಈಗಾಗಲೇ ಶಾಲೆ, ಆಸ್ಪತ್ರೆ ಇದ್ದರೆ, ಅದನ್ನು ಬೇರೆಯಾಗಿ ನೋಡಬಹುದು ಅಂತಲೂ ಹೇಳಿದೆ.

ಕಂಪನಿಗೆ ಕೊಡುತ್ತಾರೆ ಅನ್ನುವ ಭಯಕ್ಕೆ ನನ್ನ ಉತ್ತರ ಬೇರೆ. ಅಳತೆ ಆಗದೆ, ಗಡಿ ಇಲ್ಲದೆ, ಜಾಲಿ ಬೆಳೆದು ಬಿದ್ದಿರುವ ಜಮೀನು ನೋಡಿದರೆ 'ಯಾರಿಗೂ ಬೇಡವಾದ ಜಾಗ' ಅಂತ ಬರೆಯುವುದು ಸುಲಭ. ಲೆಕ್ಕ ನಮ್ಮ ಕೈಯಲ್ಲಿದ್ದರೆ ನಾವು ವಾದ ಮಾಡಬಹುದು. ಕಂದಾಯ ನಿಯಮದ 97ರಲ್ಲಿ 100 ದನಕ್ಕೆ 30 ಎಕರೆ ಗೋಮಾಳ ಇರಬೇಕು ಅಂತ ಇದೆ. ನಮ್ಮೂರಲ್ಲಿ 300 ದನ ಅಂತ ಇಟ್ಟುಕೊಳ್ಳಿ, 90 ಎಕರೆ ಬೇಕು. ಸರ್ವೆ ಮುಗಿದ ಮೇಲೆ ಮೇಯುವ ನೆಲ ಬರೀ 60 ಎಕರೆ ಅಂತ ಬಂದರೆ, ಒಂದು ಗುಂಟೆಯೂ ಕೊಡಲು ಆಗುವುದಿಲ್ಲ ಅಂತ ಗ್ರಾಮಸಭೆಯಲ್ಲಿ ಠರಾವು ಮಾಡಿ ನಕ್ಷೆ ಸಮೇತ ಜಿಲ್ಲಾಧಿಕಾರಿಗಳಿಗೆ ಕಳಿಸಬಹುದು. ನಕ್ಷೆ ಇಲ್ಲದ ಠರಾವು ಕಡತದಲ್ಲೇ ಉಳಿಯುತ್ತದೆ.

ಇನ್ನು ಕೆರೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಜಿಲ್ಲೆ ನಮ್ಮದು, ಕೆರೆಯೇ ಗತಿ. 2018ರಿಂದ ಕೆಸಿ ವ್ಯಾಲಿ ನೀರು ಕೋಲಾರದ ಎಷ್ಟೋ ಕೆರೆಗೆ ಬಂತು, ನಮ್ಮದಕ್ಕೆ ಮಳೆಯೇ ಬರಬೇಕು. ಮಳೆ ಬಂದರೂ ಕೆರೆ ತುಂಬುತ್ತಿಲ್ಲ. ಗುಡ್ಡದ ಕಡೆಯಿಂದ ಬರುವ ರಾಜಕಾಲುವೆ ಎರಡು ಕಡೆ ಮುಚ್ಚಿದೆ, ಒಂದು ಕಡೆ ಕಾಲುವೆ ಮೇಲೇ ಮಾವಿನ ಸಸಿ ಇಟ್ಟಿದ್ದಾರೆ. ನೀರು ದಾರಿ ಕಾಣದೆ ಕಾಲೋನಿ ಕಡೆ ನುಗ್ಗುತ್ತದೆ. ಪ್ರತಿ ಮಳೆಗಾಲ ಅಲ್ಲಿನ ಮನೆಗಳ ಹೊಸ್ತಿಲಿಗೆ ನೀರು ಬರುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ನನ್ನ ಮಟ್ಟಿಗೆ ಈ ಸರ್ವೆಯಲ್ಲಿ ಎಲ್ಲಕ್ಕಿಂತ ಮುಖ್ಯ ಈ ಕಾಲುವೆ.

ಡ್ರೋನ್‌ಗೆ ಆಗದ ಕೆಲಸವೂ ಇದೆ. ಮರದ ಕೆಳಗೆ ಏನಿದೆ ಅಂತ ಅದಕ್ಕೆ ಕಾಣುವುದಿಲ್ಲ. ನೀಲಗಿರಿ ತೋಪಿನೊಳಗಿನ ಕಲ್ಲು, ಮಾವಿನ ತೋಪಿನೊಳಗೆ ಹೋದ ಬಂಡಿ ದಾರಿ, ಸಮಾಧಿ ಕಲ್ಲು ಬಿದ್ದುಹೋದ ಹಳೇ ಸ್ಮಶಾನ, ಇವೆಲ್ಲ ಜನರೇ ತೋರಿಸಬೇಕು. ನೀರಗಂಟಿ ತಾತ, ನೀವು ಖಂಡಿತ ಬರಬೇಕು. ಆ ಕಾಲುವೆ ಎಲ್ಲಿ ತಿರುಗುತ್ತಿತ್ತು ಅಂತ ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ. ಕುರಿ ಮೇಯಿಸುವವರು ಬನ್ನಿ. ಕಾಲೋನಿಯಿಂದ ಇಬ್ಬರಾದರೂ ಬರಬೇಕು, ಸ್ಮಶಾನದ ಗಡಿ ನೀವೇ ನಿಂತು ತೋರಿಸಬೇಕು. ಗೋಮಾಳಕ್ಕೆ ಹೊಂದಿರುವ ಹೊಲದವರೂ ಇರಿ. ಆಮೇಲೆ 'ನಾನಿಲ್ಲದಾಗ ಅಳೆದರು' ಅನ್ನುವ ಮಾತು ಬರಬಾರದು.

ಅವತ್ತಿಗೆ ಮುಂಚೆ ಬಾಂದು ಕಲ್ಲಿನ ಸುತ್ತ ಪೊದೆ ಕಡಿದು ಕಲ್ಲಿಗೆ ಸುಣ್ಣ ಬಳಿಯಿರಿ. ಸುಣ್ಣ ಪಂಚಾಯಿತಿಯಲ್ಲಿ ಕೊಡುತ್ತೇವೆ. ಆದರೆ ಯಾರೂ ಕಲ್ಲು ಅಲುಗಾಡಿಸಬೇಡಿ, ಸರಿ ಜಾಗಕ್ಕೆ ಇಡುತ್ತೇನೆ ಅಂತಲೂ ಬೇಡ. ಗಡಿ ಕಲ್ಲು ಕೀಳುವುದು ಅಪರಾಧ, ಆಮೇಲೆ ನಾನೂ ಬಿಡಿಸಲಾರೆ.

ಬರುವ ಗುರುವಾರ ಬೆಳಿಗ್ಗೆ ಎಂಟಕ್ಕೆ ಮುನೇಶ್ವರನ ಗುಡಿ ಹತ್ತಿರ ಸೇರೋಣ. ಮಳೆ, ಜೋರು ಗಾಳಿ ಇದ್ದರೆ ಶುಕ್ರವಾರ. ಕರಡು ನಕ್ಷೆ ಬಂದ ಮೇಲೆ ಪಂಚಾಯಿತಿ ಗೋಡೆಗೆ ಅಂಟಿಸಿ, ಇದೇ ಕಟ್ಟೆ ಮೇಲೆ ಹರಡಿ ತೋರಿಸುತ್ತೇವೆ. ತಪ್ಪು ಕಂಡರೆ ಬಾಯಲ್ಲಿ ಹೇಳಿ ಬಿಡಬೇಡಿ, ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬರೆಯಲು ಬಾರದವರಿಗೆ ನಾನೇ ಬರೆದುಕೊಡುತ್ತೇನೆ.

ಸರ್ವೆಯರ್ ಇಲ್ಲೇ ಕೂತಿದ್ದಾರೆ, ಪಿಡಿಒ ಅವರೂ ಇದ್ದಾರೆ. ಮನಸ್ಸಿನಲ್ಲಿ ಇಟ್ಟುಕೊಂಡು ಮನೆಗೆ ಹೋಗಬೇಡಿ, ಈಗ ಕೇಳಿ. ಹಿಂದೆ ಕೂತಿರುವ ಅಕ್ಕಂದಿರು ಮೊದಲು.